ಲೀಗಲ್ ನೋಟಿಸಿಗೆ ಉತ್ತರ ಬರೆದದ್ದು: ನನ್ನ ಅನುಭವ

ಸೋಮವಾರಪೇಟೆಯಲ್ಲಿ ನಮ್ಮದೊಂದು ಚಿಕ್ಕ ಕಾಫಿ ಪುಡಿ ಘಟಕವಿದೆ. ಬೀಜ ಹುರಿಯುವುದು, ಪುಡಿ ಮಾಡುವುದು, ಕಾಲು ಕೆಜಿ ಪೌಚ್‌ಗಳಲ್ಲಿ ತುಂಬಿ ಅಂಗಡಿಗಳಿಗೆ ಕಳಿಸುವುದು. ಕಳೆದ ಆಷಾಢದಲ್ಲಿ, ಮಳೆ ಒಂದೇ ಸಮನೆ ಸುರಿಯುತ್ತಿದ್ದ ದಿನ, ಪೌಚ್ ಪೂರೈಸುವವರ ಪರವಾಗಿ ಅವರ ವಕೀಲರಿಂದ ನಾಲ್ಕು ಪುಟದ ನೋಟಿಸ್ ಬಂತು. 1,65,200 ರೂಪಾಯಿ ಬಾಕಿ, ಅದಕ್ಕೆ ಶೇ. 18 ಬಡ್ಡಿ, 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ಸಿವಿಲ್ ದಾವೆಯ ಜೊತೆಗೆ ವಂಚನೆಯ ಕ್ರಿಮಿನಲ್ ದೂರು. ‘ದುರುದ್ದೇಶದಿಂದ ಮೋಸ ಮಾಡಿದ್ದೀರಿ’ ಎಂಬ ಮಾತು ಮೂರು ಕಡೆ ಇತ್ತು.

ಆ ರಾತ್ರಿಯೇ ಕೂತು ಎರಡು ಪುಟ ಉತ್ತರ ಬರೆದೆ. ಪ್ರತಿ ಸಾಲಿನಲ್ಲೂ ಸಿಟ್ಟು. ಪುಣ್ಯಕ್ಕೆ ಅದನ್ನು ಕಳಿಸಲಿಲ್ಲ. ಮರುದಿನ ಮಡಿಕೇರಿಗೆ ಹೋಗಿ ನಮಗೆ ಪರಿಚಯದ ವಕೀಲರೊಬ್ಬರ ಮುಂದಿಟ್ಟೆ. ಅವರು ಓದಿ ಪಕ್ಕಕ್ಕಿಟ್ಟು, ‘ಮೇಡಂ, ಇದರಲ್ಲಿ ಒಂದು ತಾರೀಖೂ ಇಲ್ಲ, ಒಂದು ಬಿಲ್ ನಂಬರೂ ಇಲ್ಲ. ನಾಳೆ ಜಡ್ಜ್ ಕೈಗೆ ಹೋಗುವ ಕಾಗದ ಅಂತ ತಿಳಿದು ಬರೀರಿ’ ಅಂದರು. ಉತ್ತರವನ್ನು ವಕೀಲರೇ ಕಳಿಸಬೇಕೆಂಬ ನಿಯಮವೇನೂ ಇಲ್ಲವಂತೆ. ನಾನೇ ಬರೆದು ಅವರಿಂದ ತಿದ್ದಿಸಿಕೊಳ್ಳುವುದೆಂದು ತೀರ್ಮಾನಿಸಿದೆವು. 15 ದಿನದ ಗಡುವಿನ ಬಗ್ಗೆಯೂ ಕೇಳಿದೆ. ಚೆಕ್ ಬೌನ್ಸ್ ನೋಟಿಸಾದರೆ ಆ 15 ದಿನ ಕಾನೂನಿನದೇ ಗಡುವು, ನಮ್ಮಂಥ ಬಾಕಿ ವಸೂಲಿಯಲ್ಲಿ ಅದು ನೋಟಿಸ್ ಕೊಟ್ಟವರು ಇಟ್ಟ ಗಡುವು. ಆದರೂ ಅದರೊಳಗೆ ಉತ್ತರ ಹೋಗಲಿ ಎಂದರು.

ಮೊದಲು ಮಾಡಿದ ಕೆಲಸವೆಂದರೆ ನೋಟಿಸಿನ ಪ್ಯಾರಾಗಳಿಗೆ ನಂಬರ್ ಹಾಕಿ, ಒಂದೊಂದರ ಎದುರು ನಮ್ಮ ಕಾಗದ ಇಟ್ಟದ್ದು. ಆಗ ಚಿತ್ರ ಸ್ಪಷ್ಟವಾಯಿತು. ನಾವು ಆರ್ಡರ್ ಮಾಡಿದ್ದು 20,000 ಪೌಚ್, ಒಂದಕ್ಕೆ 7 ರೂಪಾಯಿ. ಎರಡು ಲೋಡಿನಲ್ಲಿ ಬಂತು. ಮೊದಲ 12,000ಕ್ಕೆ ಜಿಎಸ್‌ಟಿ ಸೇರಿ 99,120 ರೂಪಾಯಿ. ಎರಡನೆಯ 8,000ಕ್ಕೆ 66,080. ಎರಡೂ ಕೂಡಿದರೆ ಅವರು ಕೇಳಿದ ಮೊತ್ತವೇ. ಆದರೆ ನಾವು ಕೊಟ್ಟಿದ್ದ 50,000 ಮುಂಗಡ ಅದರಲ್ಲಿ ಕಳೆದಿರಲಿಲ್ಲ. ಅವರದೇ ಮೊದಲ ಇನ್‌ವಾಯ್ಸಿನ ಕೆಳಗೆ ‘ಮುಂಗಡ ಕಳೆದು ಬಾಕಿ 49,120’ ಎಂದು ಮುದ್ರಿಸಿತ್ತು.

ಎರಡನೆಯ ಲೋಡೇ ಜಗಳದ ಮೂಲ. ಬಂದ ಮೂರನೆಯ ದಿನ ಪುಡಿ ತುಂಬುವ ಹುಡುಗಿ ಒಂದು ಪೌಚ್ ಒತ್ತಿ ನೋಡಿ, ಪಕ್ಕದ ಸೀಲಿನಿಂದ ಗಾಳಿ ಬರುತ್ತಿದೆ ಎಂದಳು. ಬೇರೆ ಬೇರೆ ಡಬ್ಬದಿಂದ 50 ಪೌಚ್ ತೆಗೆದು, ಖಾಲಿ ಪೌಚಿಗೇ ಗಾಳಿ ತುಂಬಿ ಬಾಯಿ ಸೀಲ್ ಮಾಡಿ, ಬಕೆಟ್ ನೀರಿನಲ್ಲಿ ಅದುಮಿ ಹಿಡಿದೆವು. 19ರಲ್ಲಿ ಪಕ್ಕದ ಅಂಚಿನಿಂದ ಗುಳ್ಳೆ ಸಾಲಾಗಿ ಎದ್ದವು. ನಮ್ಮ ಮಳೆಗಾಲದಲ್ಲಿ ಇಂಥ ಪೌಚಿನಲ್ಲಿ ಪುಡಿ ತುಂಬಿದರೆ ಕೆಲವೇ ದಿನದಲ್ಲಿ ತೇವ ಹಿಡಿದು ಗಂಟು ಕಟ್ಟುತ್ತದೆ, ಪರಿಮಳವೂ ಹೋಗುತ್ತದೆ. ಅವತ್ತೇ ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಕಳಿಸಿ, ‘ಈ ಲಾಟ್ ನಮಗೆ ಬೇಡ, ಡಬ್ಬಗಳನ್ನು ಬೇರೆ ಇಟ್ಟಿದ್ದೇವೆ, ವಾಪಸ್ ತಗೊಳ್ಳಿ’ ಎಂದು ಬರೆದಿದ್ದೆ. ಆ ಒಂದು ಮೆಸೇಜೇ ನಮ್ಮನ್ನು ಉಳಿಸಿತು. 1930ರ ಸರಕು ಮಾರಾಟ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಬೇಡವೆಂದು ತಿಳಿಸದೆ ಮಾಲು ಇಟ್ಟುಕೊಂಡು ತಕ್ಕಷ್ಟು ಕಾಲ ಕಳೆದರೆ ಒಪ್ಪಿಕೊಂಡ ಹಾಗೆ. ತಿಳಿಸಿಬಿಟ್ಟರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ನಾವೇ ಸಾಗಿಸಿ ಹಿಂದಿರುಗಿಸಬೇಕಿಲ್ಲ ಎಂದು 43ನೇ ಸೆಕ್ಷನ್ ಹೇಳುತ್ತದೆ.

ಆಮೇಲೆ ವಕೀಲರು ನಾನು ಎಣಿಸಿರದ ಪ್ರಶ್ನೆ ಕೇಳಿದರು: ‘ಬೇಡ ಅಂದ ಮಾಲಿನ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದೀರಾ?’ ಅಂದರೆ, ಆ ಬಿಲ್ಲಿನ ಜಿಎಸ್‌ಟಿಯನ್ನು ನಾವು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡಿದ್ದೀರಾ ಎಂದು. ಕಳೆದುಕೊಂಡಿದ್ದೆವು, 10,080 ರೂಪಾಯಿ. ಮಾಲು ಒಪ್ಪಿಲ್ಲ ಎಂದು ಪತ್ರದಲ್ಲಿ ಬರೆದು, ಜಿಎಸ್‌ಟಿ ಲೆಕ್ಕದಲ್ಲಿ ಒಪ್ಪಿಕೊಂಡಂತೆ ತೋರಿಸಿದರೆ ಎದುರಿನವರು ಅದನ್ನೇ ಹಿಡಿಯುತ್ತಾರೆ. ಲೆಕ್ಕ ನೋಡುವವರಿಗೆ ಹೇಳಿ ಅದನ್ನು ವಾಪಸ್ ಮಾಡಿಸಿದ ಮೇಲೆಯೇ ಉತ್ತರಕ್ಕೆ ಕೈ ಹಾಕಿದೆವು.

ನಮ್ಮ ತಪ್ಪೂ ಒಂದಿತ್ತು. ಮೊದಲ ಲೋಡು ಚೆನ್ನಾಗಿತ್ತು, ಅದನ್ನು ಬಳಸಿ ಮುಗಿಸಿದ್ದೆವು. ಎರಡನೆಯದರ ಕೋಪದಲ್ಲಿ ಅದರ 49,120ನ್ನೂ ತಡೆಹಿಡಿದಿದ್ದೆ. ಅದಕ್ಕೆ ನ್ಯಾಯವಿರಲಿಲ್ಲ. ಪೂರೈಸುವವರು ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಘಟಕದವರಾಗಿದ್ದರೆ, 45 ದಿನ ದಾಟಿದ ಬಾಕಿಗೆ ಎಂಎಸ್‌ಎಂಇ ಕಾಯ್ದೆಯಲ್ಲಿ ಭಾರೀ ಚಕ್ರಬಡ್ಡಿಯೇ ಬೀಳುತ್ತದೆ. ಆದ್ದರಿಂದ ‘ಕೊಡುತ್ತೇವೆ’ ಎಂದು ಬರೆಯುವ ಬದಲು ಕೊಟ್ಟೇ ಬರೆಯೋಣ ಎಂದುಕೊಂಡೆ. ಉತ್ತರ ಕಳಿಸುವ ದಿನ ಬೆಳಿಗ್ಗೆ ನೆಫ್ಟ್ ಮಾಡಿ, ಅದರ ಯುಟಿಆರ್ ನಂಬರನ್ನು ಪತ್ರದಲ್ಲಿ ಹಾಕಿದೆ. ಯಾವ ಬಿಲ್ಲಿಗೆ ಈ ಹಣ ಎಂಬುದನ್ನು ಬಿಡಿಸಿ ಬರೆದೆ. ಹಾಗೆ ಹೇಳದಿದ್ದರೆ ಅವರು ಅದನ್ನು ತಕರಾರಿನ ಬಿಲ್ಲಿಗೆ ಜಮಾ ಮಾಡಿಕೊಳ್ಳುವ ದಾರಿ ತೆರೆದಿರುತ್ತದೆ. ಹೇಳಿ ಕೊಟ್ಟರೆ ಹೇಳಿದಂತೆಯೇ ಜಮಾ ಆಗಬೇಕು.

ಕೊನೆಗೆ ಕಳಿಸಿದ ಪತ್ರದ ಮುಖ್ಯ ಭಾಗ ಹೀಗಿತ್ತು:

‘ಪ್ಯಾರಾ 3ಕ್ಕೆ: ಎರಡು ಇನ್‌ವಾಯ್ಸ್ ಬಂದಿರುವುದು ನಿಜ. ಮೊದಲನೆಯದರಲ್ಲಿ 50,000 ಮುಂಗಡವನ್ನು ತಮ್ಮ ಕಕ್ಷಿದಾರರೇ ಕಳೆದು ತೋರಿಸಿದ್ದಾರೆ. ಉಳಿದ 49,120 ರೂಪಾಯಿಯನ್ನು ಇಂದು ಆ ಇನ್‌ವಾಯ್ಸಿನ ಪೂರ್ತಿ ಬಾಬ್ತು ಪಾವತಿಸಿದ್ದೇವೆ. ತಡವಾದುದಕ್ಕೆ ವಿಷಾದವಿದೆ.

ಪ್ಯಾರಾ 4ಕ್ಕೆ: ಎರಡನೆಯ ಇನ್‌ವಾಯ್ಸಿನ 8,000 ಪೌಚ್‌ಗಳನ್ನು ಬಂದ ಮೂರನೆಯ ದಿನವೇ ಲಿಖಿತವಾಗಿ ತಿರಸ್ಕರಿಸಿದ್ದೇವೆ. ಪರೀಕ್ಷೆಗೆ ಬಳಸಿದ 50 ಬಿಟ್ಟು ಉಳಿದ 7,950 ನಮ್ಮ ಗೋಡೌನಿನಲ್ಲಿ ಹಾಗೇ ಇವೆ. ಯಾವುದೇ ಕೆಲಸದ ದಿನ ಬಂದು ನೋಡಬಹುದು, ಒಯ್ಯಬಹುದು. ಈ ಮೊತ್ತ ನಮ್ಮಿಂದ ಬರಬೇಕೆಂಬುದನ್ನು ಒಪ್ಪುವುದಿಲ್ಲ.

ಪ್ಯಾರಾ 6ಕ್ಕೆ: ಬಡ್ಡಿಯ ಕರಾರು ಆರ್ಡರಿನಲ್ಲೂ ಇಲ್ಲ, ಇನ್‌ವಾಯ್ಸಿನಲ್ಲೂ ಇಲ್ಲ. ಮೋಸದ ಆರೋಪವನ್ನು ನಿರಾಕರಿಸುತ್ತೇವೆ. ಇದು ಮಾಲಿನ ಗುಣಮಟ್ಟದ ಬಗೆಗಿನ ಭಿನ್ನಾಭಿಪ್ರಾಯ.’

ಮೊದಲ ಕರಡಿನಲ್ಲಿ ‘ನಿಮ್ಮ ಕಕ್ಷಿದಾರರು ಸುಳ್ಳು ಹೇಳುತ್ತಿದ್ದಾರೆ’ ಎಂದಿದ್ದೆ. ಅದು ಹೋಗಿ ‘ಕಕ್ಷಿದಾರರೇ ಕಳೆದು ತೋರಿಸಿದ್ದಾರೆ’ ಎಂದಾಯಿತು. ಓದಿದವರಿಗೆ ಸುಳ್ಳು ಯಾವುದೆಂದು ತಾನಾಗಿಯೇ ಕಾಣುತ್ತದೆ, ನಾನು ಬೈಯಬೇಕಿಲ್ಲ. ‘ನಾವೂ ಕೋರ್ಟಿಗೆ ಹೋಗಬಲ್ಲೆವು’ ಎಂಬ ಸಾಲನ್ನೂ ತೆಗೆದೆ. ಅದರ ಜಾಗದಲ್ಲಿ ‘ಕೂತು ಮಾತಾಡಲು ಸಿದ್ಧರಿದ್ದೇವೆ’ ಎಂಬುದು ಬಂತು. ‘ವಿಷಾದವಿದೆ’ ಎಂಬ ಮಾತು ಬೇಡವೆಂದು ವಕೀಲರು ಹೇಳಿದರು. ನಾನು ಬಿಡಲಿಲ್ಲ. ಆ ಬಾಕಿ ತಡಮಾಡಿದ್ದು ನಾವೇ, ಹಣವೂ ಹೋಗಿಯಾಗಿದೆ, ಆ ಒಂದು ಮಾತಿನಿಂದ ಉಳಿದ ‘ಒಪ್ಪುವುದಿಲ್ಲ’ಗಳಿಗೆ ತೂಕ ಬರುತ್ತದೆ ಎಂದು ನನಗನಿಸಿತು.

ಮುಂಗಡ ತೋರಿಸಿದ ಇನ್‌ವಾಯ್ಸ್, ವಾಟ್ಸಾಪ್ ಮೆಸೇಜಿನ ಪ್ರಿಂಟ್, ಡಬ್ಬಗಳ ಫೋಟೋ ಲಗತ್ತಿಸಿ, ಆ ವಕೀಲರಿಗೊಂದು, ಪೂರೈಸುವವರಿಗೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ಆ ಹಳೆಯ ವಿಡಿಯೋ ಇರುವ ಫೋನನ್ನು ಬದಲಾಯಿಸಬೇಡಿ ಎಂದು ವಕೀಲರು ಹೇಳಿದ್ದರಿಂದ ಅದು ಈಗಲೂ ಕಪಾಟಿನಲ್ಲಿದೆ.

ಹದಿನೆಂಟು ದಿನದ ಮೇಲೆ ಪೂರೈಸುವವರೇ ಫೋನ್ ಮಾಡಿದರು. ‘ಅಕ್ಕಾ, ಮಾಲು ನೋಡೋಕೆ ಹುಡುಗನ್ನ ಕಳಿಸ್ತೀನಿ’ ಅಂದರು. ಬಂದವನು ನಮ್ಮ ಬಕೆಟ್ಟಿನಲ್ಲೇ ಹತ್ತು ಪೌಚ್ ಮುಳುಗಿಸಿ ನೋಡಿ, ಏನೂ ಮಾತಾಡದೆ ಡಬ್ಬಗಳನ್ನು ಟೆಂಪೋಗೆ ಹತ್ತಿಸಿದ. ಮುಂದಿನ ವಾರ ಆ ಬಿಲ್ಲಿನ ಮೊತ್ತವನ್ನು ನಮ್ಮ ಬಾಕಿಯಿಂದ ತೆಗೆದುಹಾಕುವ 66,080ರ ಕ್ರೆಡಿಟ್ ನೋಟ್ ಬಂತು. ‘ಈ ಆರ್ಡರಿಗೆ ಸಂಬಂಧಿಸಿ ಯಾವ ಬಾಕಿಯೂ ಇಲ್ಲ’ ಎಂಬ ಒಂದು ಸಾಲಿನ ಪತ್ರವನ್ನೂ ಕೇಳಿ ಬರೆಸಿಕೊಂಡೆ.