ರಿಟರ್ನ್ ಜಗಳದಲ್ಲಿ ದುಡ್ಡು ನಿಂತಿದ್ರೆ ಕಂಪನಿಗೆ ಪತ್ರ ಬರೆಯೋದು ಹೇಗೆ?

ಆನ್‌ಲೈನಲ್ಲಿ ಬಟ್ಟೆ ಮಾರೋ ನಮ್ಮ ದಾವಣಗೆರೆ ಟೈಲರ್‌ಗಳ ಪತ್ರ ಸುಮಾರು ನೋಡೀನಿ, ಮುಕ್ಕಾಲು ಪಾಲು ಒಂದೇ ಥರ ಇರ್ತಾವೆ: 'ಸಾರ್ ನಾನು ಬಡವ, ಕಸ್ಟಮರ್ ಮೋಸ ಮಾಡಿದಾರೆ, ದಯವಿಟ್ಟು ಪೇಮೆಂಟ್ ಬಿಡಿ'. ಶಾಪಿಂಗ್ ಸೈಟ್ ಕಂಪನಿಯಿಂದ ರೆಡಿಮೇಡ್ ಉತ್ತರ ಬರುತ್ತೆ, 'ನಿಮ್ಮ ಖಾತೆ ಪರಿಶೀಲನೆಯಲ್ಲಿದೆ' ಅಂತ, ಅಲ್ಲಿಗೆ ಮುಗೀತು. ಮಂಡಿಪೇಟೆ ಕಡೆಯ ಒಬ್ಬ ಟೈಲರಣ್ಣನ ಕೇಸ್ ಇಟ್ಕೊಂಡು ಹೇಳ್ತೀನಿ. 1,250 ರೂಪಾಯಿಯ ಕಾಟನ್ ಕುರ್ತಿ-ಪ್ಯಾಂಟ್ ಸೆಟ್ ಕಳಿಸಿದ್ರು, ರಿಟರ್ನ್ ಬಂದ ಪ್ಯಾಕೆಟ್‌ನಲ್ಲಿ ಯಾರದೋ ಹಳೇ ಟಾಪ್ ಒಂದೇ ಇತ್ತು. ಕ್ಲೇಮ್ ಹಾಕಿದ್ರು. ಆ ವಾರ ಕಂಪನಿಯಿಂದ ಬರಬೇಕಿದ್ದ ಸೆಟಲ್‌ಮೆಂಟ್ ಪೂರ್ತಿ, 13,640 ರೂಪಾಯಿ, ಹೋಲ್ಡ್ ಆಯ್ತು.

ಮೊದಲು ಸೆಲ್ಲರ್ ಪ್ಯಾನಲ್‌ನಿಂದ ಪೇಮೆಂಟ್ ಶೀಟ್ ಡೌನ್‌ಲೋಡ್ ಮಾಡ್ಕೊಳ್ರಿ. ಸ್ಕ್ರೀನ್‌ಶಾಟ್ ಬೇಡ, ಶೀಟೇ ಬೇಕು.

ಈಗ ಎಲ್ರೂ ಎಡವೋ ಜಾಗ. ನಿಂತಿರೋದ್ರಲ್ಲಿ ಜಗಳದ ದುಡ್ಡು ಎಷ್ಟು, ಜಗಳಕ್ಕೆ ಸಂಬಂಧವೇ ಇಲ್ಲದ ದುಡ್ಡು ಎಷ್ಟು ಅಂತ ಬೇರೆ ಮಾಡ್ರಿ. ಈ ಆರ್ಡರ್‌ಗೆ ಕಮಿಷನ್, ಶಿಪ್ಪಿಂಗ್ ಎಲ್ಲ ಕಳೆದು ಮೊದಲೇ 1,018 ರೂಪಾಯಿ ಖಾತೆಗೆ ಬಂದಿತ್ತು. ರಿಟರ್ನ್ ಆದ್ಮೇಲೆ ಅದನ್ನ ವಾಪಸ್ ಕಡಿತಾರೆ, ಜೊತೆಗೆ ರಿಟರ್ನ್ ಶಿಪ್ಪಿಂಗ್ 140. ಕಂಪನಿ ಹೇಳೋದೇ ಸರಿ ಅಂತ ಇಟ್ಕೊಂಡ್ರೂ ಅವರಿಗೆ ಬರಬೇಕಾದ್ದು 1,158, ಅಷ್ಟೇ. ಉಳಿದ 12,482 ರೂಪಾಯಿ ಬೇರೆ ಗಿರಾಕಿಗಳು ತಗೊಂಡು ಇಟ್ಕೊಂಡಿರೋ ಬಟ್ಟೆಯದ್ದು. ಪತ್ರದ ಜೀವ ಇರೋದೇ ಈ 12,482ರಲ್ಲಿ. ಇದನ್ನ ಬಿಟ್ಟು ಬರೀ 'ಗಿರಾಕಿ ಸುಳ್ಳು ಹೇಳ್ತಿದಾರೆ' ಅಂತ ಬರೆದ್ರೆ ಓದೋನು ಅದನ್ನ ರಿಟರ್ನ್ ಟೀಮ್‌ಗೆ ತಳ್ಳಿ ಕೈ ತೊಳ್ಕೋತಾನೆ, ಪೇಮೆಂಟ್ ಟೀಮ್ ಕಣ್ಣಿಗೆ ಬೀಳೋದೇ ಇಲ್ಲ.

ಸಾಕ್ಷಿ ಅಂದ್ರೆ ಎಲ್ರಿಗೂ ಪ್ಯಾಕೆಟ್ ಬಿಚ್ಚೋ ವಿಡಿಯೋನೇ ನೆನಪಾಗೋದು. ಇರಲಿ, ಆದ್ರೆ ಟೇಪ್ ಕತ್ತರಿಸೋಕೆ ಮುಂಚೆ ರಿಟರ್ನ್ ಲೇಬಲ್ ನಂಬರ್ ಓದೋ ಹಾಗೆ ಕಾಣಬೇಕು, ನಡುವೆ ಕಟ್ ಆಗಿರಬಾರದು. ನನಗೆ ಅದಕ್ಕಿಂತ ತೂಕದ ಮೇಲೆ ನಂಬಿಕೆ ಜಾಸ್ತಿ. ಶೀಟ್‌ನಲ್ಲಿ ಶಿಪ್ಪಿಂಗ್ ಯಾವ ತೂಕದ ಸ್ಲ್ಯಾಬ್‌ಗೆ ಹಾಕಿದಾರೆ ನೋಡ್ರಿ. ಇಲ್ಲಿ ಹೋಗುವಾಗ 620 ಗ್ರಾಂ, ಅಂದ್ರೆ ಅರ್ಧ ಕೆಜಿ ಮೇಲಿನ ಸ್ಲ್ಯಾಬ್. ಬರುವಾಗ ಅರ್ಧ ಕೆಜಿ ಒಳಗಿನದು. ಅದೇ ಬಟ್ಟೆ ವಾಪಸ್ ಬಂದಿದ್ರೆ ತೂಕ ಹೆಂಗ್ ಇಳೀತು? ಅದೂ ಅವರದೇ ಶೀಟ್, ಅಲ್ಲಗಳೆಯೋದು ಕಷ್ಟ. ಎರಡೂ ಒಂದೇ ಸ್ಲ್ಯಾಬ್‌ನಲ್ಲಿದ್ರೆ, ಅಥವಾ ಪ್ಯಾಕೆಟ್ ಸೈಜ್ ಲೆಕ್ಕದಲ್ಲಿ ಚಾರ್ಜ್ ಹಾಕಿದ್ರೆ, ಈ ವಾದ ನಡೆಯಲ್ಲ, ಬಿಟ್ಬಿಡ್ರಿ.

(ಟೆಲಿಗ್ರಾಮ್‌ನಲ್ಲಿ 'ಕ್ಲೇಮ್ ಪಾಸ್ ಮಾಡಿಸ್ತೀವಿ' ಅನ್ನೋರು ಪ್ಯಾನಲ್ ಓಟಿಪಿ ಕೇಳ್ತಾರೆ, ಕೊಡಬೇಡ್ರಿ.)

ಪತ್ರ ಇಷ್ಟೇ ಇರ್ಲಿ:

'ಆರ್ಡರ್ ನಂಬರ್ ____, ರಿಟರ್ನ್ ಲೇಬಲ್ ನಂಬರ್ ____, ಕ್ಲೇಮ್ ನಂಬರ್ ____. ಈ ಒಂದು ರಿಟರ್ನ್ ವಿವಾದದಲ್ಲಿದೆ, ಅದರ ಮೊತ್ತ 1,158 ರೂಪಾಯಿ. ಆದರೆ ____ ತಾರೀಖಿನ ಸೆಟಲ್‌ಮೆಂಟ್‌ನ 13,640 ರೂಪಾಯಿ ಪೂರ್ತಿ ತಡೆಹಿಡಿದಿದ್ದೀರಿ. ಸೆಲ್ಲರ್ ಒಪ್ಪಂದದ ಯಾವ ಕಲಮಿನ ಪ್ರಕಾರ? ಉಳಿದ 12,482 ರೂಪಾಯಿಯಲ್ಲಿ ಯಾವ ಆರ್ಡರ್ ಮೇಲೆ ತಕರಾರಿದೆ? ಇಲ್ಲದಿದ್ದರೆ ಅದನ್ನು ಬಿಡುಗಡೆ ಮಾಡಿ, 1,158ನ್ನು ಮಾತ್ರ ಕ್ಲೇಮ್ ತೀರ್ಮಾನ ಆಗುವವರೆಗೆ ಇಟ್ಟುಕೊಳ್ಳಿ. ತೀರ್ಮಾನ ಯಾವ ತಾರೀಖಿನೊಳಗೆ ಎಂದು ತಿಳಿಸಿ. ಹೋದ ತೂಕ, ಬಂದ ತೂಕದ ಸಾಲು ಗುರುತು ಮಾಡಿದ ಶೀಟ್ ಲಗತ್ತಿಸಿದ್ದೇನೆ.'

ಬಡತನ, ಮಕ್ಕಳ ಫೀಸು, ಕೋರ್ಟಿಗೆ ಹೋಗ್ತೀನಿ ಅನ್ನೋದು ಯಾವ್ದೂ ಬೇಡ. ಇಂಗ್ಲಿಷ್‌ನಲ್ಲಿ ಕಳಿಸೋದಾದ್ರೆ ಪಿಯುಸಿ ಓದ್ತಿರೋ ಹುಡುಗರ ಹತ್ರ ಮಾಡಿಸ್ರಿ, ಅಂಕಿ ಮಾತ್ರ ನೀವೇ ಕೂತು ಚೆಕ್ ಮಾಡ್ರಿ.

ಪ್ಯಾನಲ್ ಟಿಕೆಟ್‌ನಲ್ಲೂ ಹಾಕ್ರಿ, ಕಂಪನಿ ವೆಬ್‌ಸೈಟ್‌ನಲ್ಲಿರೋ ಕುಂದುಕೊರತೆ ಅಧಿಕಾರಿ ಇಮೇಲ್‌ಗೂ ಕಳಿಸ್ರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ ಅಧಿಕಾರಿ ಹೆಸರು, ಸಂಪರ್ಕ ವಿವರ ಸೈಟ್‌ನಲ್ಲಿ ಹಾಕಲೇಬೇಕು. ಅದೇ ನಿಯಮದಲ್ಲಿ 48 ಗಂಟೆಯೊಳಗೆ ಸ್ವೀಕೃತಿ ಅಂತ ಇರೋದು ಗ್ರಾಹಕರ ದೂರಿಗೆ, ಹಾಗಾಗಿ ಅದನ್ನ ತೋರಿಸಿ ಜಗಳ ಆಡಬೇಡ್ರಿ. 1915 ಸಹಾಯವಾಣಿನೂ ಕೊಳ್ಳೋರಿಗೆ ಇರೋದು, ನೀವು ಮಾರೋರು. ನಿಮಗಿರೋ ಆಧಾರ ಸೆಲ್ಲರ್ ಒಪ್ಪಂದ. ತಕರಾರು ಯಾವ ಊರಲ್ಲಿ ತೀರ್ಮಾನ ಆಗಬೇಕು ಅಂತ ಅದರ ಕೊನೆ ಕಡೆ ಬರೆದಿರ್ತಾರೆ, ಅದು ದಾವಣಗೆರೆ ಆಗಿರೋದು ಅಪರೂಪ, ವಕೀಲರ ಹತ್ರ ಹೋಗೋಕೆ ಮುಂಚೆ ಆ ಸಾಲು ಓದ್ಕೊಳ್ರಿ.

ಉತ್ತರ ಬರ್ಲಿಲ್ಲ ಅಂತ ದಿನಾ ಹೊಸ ಟಿಕೆಟ್ ತೆಗೀಬೇಡ್ರಿ, ಪ್ರತಿ ಸಲ ಹೊಸಬರು ಮೊದ್ಲಿಂದ ಓದ್ತಾರೆ. ಹಳೇ ಟಿಕೆಟ್‌ನಲ್ಲೇ 'ಕಲಮು ಯಾವುದು, 12,482 ಯಾಕೆ ನಿಂತಿದೆ' ಅಂತ ಆ ಎರಡೇ ಪ್ರಶ್ನೆ ಮತ್ತೆ ಹಾಕ್ರಿ.