ಐವತ್ತರಲ್ಲಿ ಕೆಲಸ ಹೋದಾಗ: ಈ ತಿಂಗಳ ದುಡ್ಡಿನ ಲೆಕ್ಕ ಬೇರೆ, ಮುಂದಿನ ಹತ್ತು ವರ್ಷದ ಲೆಕ್ಕ ಬೇರೆ

ಪೀಣ್ಯದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. 2024ರಲ್ಲಿ ಲೈನ್ ಮುಚ್ಚಿತು, ಕೆಲಸ ಹೋಯಿತು. ವಯಸ್ಸು ಐವತ್ತು, ಸೇವೆ 18 ವರ್ಷ. ಈ ವಯಸ್ಸಿನಲ್ಲಿ ಕೆಲಸ ಹೋದವರಿಗೆ ಎರಡು ಪ್ರಶ್ನೆಗಳು ಒಟ್ಟಿಗೆ ಎದುರಾಗುತ್ತವೆ: ಮುಂದಿನ ತಿಂಗಳ ಇಎಂಐ ಕಟ್ಟುವುದು ಹೇಗೆ, ಮತ್ತು ಅರವತ್ತರವರೆಗೆ ಏನು ಮಾಡುವುದು. ಎರಡಕ್ಕೂ ಒಂದೇ ಉತ್ತರ ಹುಡುಕಲು ಹೊರಟರೆ ಸಿಕ್ಕಿದ ಮೊದಲ ನೌಕರಿಗೆ ಜೋತುಬೀಳುತ್ತೇವೆ, ಇಲ್ಲವೇ ಗ್ರಾಚ್ಯುಟಿಯನ್ನೆಲ್ಲ ಯಾವುದೋ ಹೊಸ ವ್ಯಾಪಾರಕ್ಕೆ ಸುರಿಯುತ್ತೇವೆ. ಎರಡನ್ನೂ ಬೇರೆ ಬೇರೆ ಖಾತೆ, ಬೇರೆ ಬೇರೆ ದಿನಗಳಾಗಿ ವಿಂಗಡಿಸಿಕೊಂಡದ್ದು ಹೇಗೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೈಗೆ ಬರುವ ದುಡ್ಡು. ಸೆಟಲ್‌ಮೆಂಟ್ ಹಾಳೆಗೆ ಸಹಿ ಹಾಕುವ ಮುಂಚೆ ಗ್ರಾಚ್ಯುಟಿಯ ಸಾಲನ್ನು ನೀವೇ ಗುಣಿಸಿ ನೋಡಬೇಕು. ಗ್ರಾಚ್ಯುಟಿ ಕಾನೂನಿನಡಿ ಬರುವ ಸಂಸ್ಥೆಯಲ್ಲಿ ಕೊನೆಯ ಮೂಲ ವೇತನ ಮತ್ತು ಡಿಎ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 70,000 ರೂಪಾಯಿ ಮೂಲ ವೇತನಕ್ಕೆ 18 ವರ್ಷಕ್ಕೆ ಸುಮಾರು 7.27 ಲಕ್ಷ ಆಗುತ್ತದೆ. ಆ 26ರ ಜಾಗದಲ್ಲಿ 30 ಕೂತರೆ ಅದೇ ಲೆಕ್ಕ 6.30 ಲಕ್ಷಕ್ಕೆ ಇಳಿಯುತ್ತದೆ. 30ರ ಸೂತ್ರ ಆ ಕಾನೂನಿನ ವ್ಯಾಪ್ತಿಗೆ ಬಾರದವರ ತೆರಿಗೆ ವಿನಾಯಿತಿ ಲೆಕ್ಕದ್ದು. ಎಕ್ಸೆಲ್ ಹಾಳೆಯಲ್ಲಿ ಅದು ಸದ್ದಿಲ್ಲದೆ ನುಸುಳಿರುತ್ತದೆ. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ್ದರೆ ಅದನ್ನು ಪೂರ್ತಿ ವರ್ಷವೆಂದೇ ಎಣಿಸಬೇಕು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಒಟ್ಟು ಸಂಬಳದಲ್ಲಿ ಭತ್ಯೆಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಭಾಗವೂ ವೇತನಕ್ಕೆ ಸೇರುತ್ತದೆ. ಹಾಗಾಗಿ ಈಗ ಕೆಲಸ ಬಿಡುವವರು ಮೂಲ ವೇತನ ಒಂದನ್ನೇ ಹಿಡಿದು ಗುಣಿಸಿ ಸುಮ್ಮನಾಗಬಾರದು.

ಗ್ರಾಚ್ಯುಟಿ, ರಜೆಯ ನಗದು, ಎರಡು ತಿಂಗಳ ನೋಟಿಸ್ ಸಂಬಳ ಎಲ್ಲ ಸೇರಿ ನನ್ನ ಲೆಕ್ಕಕ್ಕೆ ಬಂದದ್ದು ಹನ್ನೊಂದೂವರೆ ಲಕ್ಷದ ಆಸುಪಾಸು. ಪಿಎಫ್ ಅನ್ನು ಇದಕ್ಕೆ ಸೇರಿಸಲಿಲ್ಲ. ಕೆಲಸ ಬಿಟ್ಟರೂ ಖಾತೆಗೆ ಬಡ್ಡಿ ಬರುತ್ತಲೇ ಇರುತ್ತದೆ. ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಇದೆ ಎಂಬುದನ್ನು ಮಾತ್ರ ನೆನಪಿಟ್ಟರೆ ಸಾಕು. ಐವತ್ತು ತುಂಬಿದವರಿಗೆ ಪಿಎಫ್ ಜೊತೆಗೇ ಬರುವ ಇಪಿಎಸ್ ಪಿಂಚಣಿಯನ್ನು ಬೇಗ ಶುರು ಮಾಡಿಸಿಕೊಳ್ಳುವ ದಾರಿಯೂ ತೆರೆದಿರುತ್ತದೆ. ಆದರೆ 58ಕ್ಕೆ ಎಷ್ಟು ವರ್ಷ ಬಾಕಿಯೋ ಅಷ್ಟು ವರ್ಷಕ್ಕೂ ಶೇ. 4ರಂತೆ ಪಿಂಚಣಿ ಕಡಿಮೆಯಾಗುತ್ತದೆ, ಅದೂ ಜೀವನಪೂರ್ತಿ. ಮೊದಲೇ ಸಣ್ಣ ಮೊತ್ತ ಅದು. ತುರ್ತು ಆದಾಯದ ಲೆಕ್ಕಕ್ಕೆ ಅದನ್ನು ಎಳೆದುತರುವುದರಲ್ಲಿ ಅರ್ಥವಿಲ್ಲ.

ಇನ್ನು ತಿಂಗಳಿಗೆ ಎಷ್ಟು ಬೇಕು? ಬಹಳಷ್ಟು ಜನ ಎಡವುವುದು ಇಲ್ಲೇ. ಹಳೆಯ ಸಂಬಳ 1.45 ಲಕ್ಷವಿತ್ತು ಎಂದ ಮಾತ್ರಕ್ಕೆ ಅಷ್ಟನ್ನೇ ಗುರಿಯಾಗಿಟ್ಟು ಕೆಲಸ ಹುಡುಕಿದರೆ ತಿಂಗಳುಗಟ್ಟಲೆ ಖಾಲಿ ಕೂರಬೇಕಾಗುತ್ತದೆ. ಬೇಕಿರುವುದು ಕೊರತೆಯ ಅಂಕಿ. ಸಾಲದ ಕಂತು 38,000, ಮನೆಖರ್ಚು 27,000, ಮಗಳ ಕಾಲೇಜು ಫೀಸನ್ನು ಹನ್ನೆರಡಕ್ಕೆ ಹಂಚಿದರೆ 15,000, ವಿಮೆ 5,000, ಅಮ್ಮನ ಔಷಧಿ 3,000. ಒಟ್ಟು 88,000. ಹೆಂಡತಿಯ ಶಾಲೆಯ ಸಂಬಳ 28,000 ಕಳೆದರೆ ಉಳಿಯುವ ಕೊರತೆ 60,000. ತುರ್ತು ಆದಾಯದ ಗುರಿ ಇಷ್ಟೇ. ವರ್ಷಕ್ಕೊಮ್ಮೆ ಬರುವ ಫೀಸು, ವಿಮೆಗಳನ್ನು ತಿಂಗಳಿಗೆ ಹಂಚದೆ ಬಿಟ್ಟರೆ ಈ ಅಂಕಿ ಚಿಕ್ಕದಾಗಿ ಕಾಣುತ್ತದೆ, ಜೂನ್ ತಿಂಗಳು ಬಂದಾಗ ಗೊತ್ತಾಗುತ್ತದೆ.

ಹನ್ನೊಂದೂವರೆ ಲಕ್ಷವನ್ನು ಮೂರು ಭಾಗ ಮಾಡಿದೆ. ಎಂಟು ತಿಂಗಳ ಕೊರತೆ, ಅಂದರೆ 4.8 ಲಕ್ಷ, ಪ್ರತ್ಯೇಕ ಉಳಿತಾಯ ಖಾತೆಗೆ. ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಖು 60,000 ಮಾತ್ರ ಮನೆಯ ಖಾತೆಗೆ ಹೋಗುತ್ತದೆ. ಹೊರಗಿನ ಸಂಪಾದನೆ ಏನೇ ಬಂದರೂ ಮೊದಲು ಇದೇ ಖಾತೆಗೆ ಬೀಳಬೇಕು. ಒಂದೂವರೆ ಲಕ್ಷ ದೀರ್ಘಾವಧಿ ಯೋಜನೆಗೆ. ಉಳಿದದ್ದು ಎಫ್‌ಡಿ. ಆ ದುಡ್ಡಿನಲ್ಲಿ ಮನೆಸಾಲಕ್ಕೆ ಒಂದು ಗಂಟು ಕಟ್ಟಿಬಿಡಿ ಎಂದು ನಾಲ್ಕು ಜನ ಹೇಳುತ್ತಾರೆ. ಕೆಲಸವಿಲ್ಲದ ಸಮಯದಲ್ಲಿ ಇದು ಕೆಟ್ಟ ಸಲಹೆ. ನೀವು ಬರೆದು ಕೇಳದಿದ್ದರೆ ಬ್ಯಾಂಕಿನವರು ಸಾಮಾನ್ಯವಾಗಿ ಅವಧಿಯನ್ನು ಕಡಿಮೆ ಮಾಡುತ್ತಾರೆ, ಕಂತು ಹಾಗೇ ಇರುತ್ತದೆ. ಐದು ಲಕ್ಷ ಕಟ್ಟಿದ ಮುಂದಿನ ತಿಂಗಳೂ 38,000 ಕಟ್ಟಬೇಕು, ಕೈಯಲ್ಲಿ ದುಡ್ಡು ಇರುವುದಿಲ್ಲ. ಅದರ ಬದಲು ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ ಅವಧಿ ಹೆಚ್ಚಿಸಿ ಕಂತು ಇಳಿಸಲು ಅರ್ಜಿ ಕೊಡಬಹುದು. 90 ದಿನ ಬಾಕಿ ಉಳಿದು ಎನ್‌ಪಿಎ ಆದಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ.

ಕಂಪನಿಯ ಆರೋಗ್ಯ ವಿಮೆಯ ವಿಚಾರವನ್ನೂ ಕೆಲಸ ಬಿಡುವ ವಾರದಲ್ಲೇ ಮುಗಿಸಬೇಕು. ಕೆಲಸದ ಕೊನೆಯ ದಿನ ಮುಗಿಯುವ ಮುಂಚೆಯೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಕೇಳಿ ಇಮೇಲ್ ಕಳಿಸಿದರೆ, ಗುಂಪು ಪಾಲಿಸಿಯಲ್ಲಿ ಕಳೆದ ವರ್ಷಗಳು ಬಿಪಿ, ಸಕ್ಕರೆಯಂಥ ಹಳೆಯ ಕಾಯಿಲೆಗಳ ಕಾಯುವ ಅವಧಿಗೆ ಜಮೆಯಾಗುತ್ತವೆ. ಬಿಟ್ಟು ಹೊಸ ಪಾಲಿಸಿ ತೆಗೆದುಕೊಂಡರೆ ಆ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ಈಗ 60,000 ಎಲ್ಲಿಂದ? ಪೀಣ್ಯ, ಮಾಚೋಹಳ್ಳಿ, ಬೊಮ್ಮಸಂದ್ರದ ಸಣ್ಣ ಘಟಕಗಳಲ್ಲಿ ಮೆಷಿನ್ ಇರುತ್ತದೆ, ಆಪರೇಟರ್ ಇರುತ್ತಾನೆ, ಕಾಗದ ಬರೆಯುವವರು ಇರುವುದಿಲ್ಲ. ದೊಡ್ಡ ಗ್ರಾಹಕ ಹೊಸ ಬಿಡಿಭಾಗವನ್ನು ಒಪ್ಪುವ ಮುಂಚೆ ಅದರ ಗುಣಮಟ್ಟದ ದಾಖಲೆಗಳಿರುವ ಪಿಪಿಎಪಿ ಫೈಲ್ ಕೇಳುತ್ತಾನೆ, ಇಲ್ಲವೇ ರಿಜೆಕ್ಷನ್ ಆದಾಗ ಕಾರಣ, ಪರಿಹಾರ ವಿವರಿಸುವ 8ಡಿ ರಿಪೋರ್ಟ್ ಕೇಳುತ್ತಾನೆ. ಮಾಲೀಕರ ಫೋನು ಒಂದೇ ರಾಗ: ‘ಸಾರ್, ಮುಂದಿನ ವಾರ ಆಡಿಟ್ ಇದೆ, ಫೈಲ್ ಒಂದು ಮಾಡ್ಕೊಡಿ.’ ಇಪ್ಪತ್ತು ವರ್ಷ ಇದನ್ನೇ ಮಾಡಿದವರಿಗೆ ಇದು ಹೊಸದಾಗಿ ಕಲಿಯಬೇಕಿಲ್ಲದ ಕೆಲಸ. ತುರ್ತು ಆದಾಯಕ್ಕೆ ನಾನು ಇಟ್ಟುಕೊಂಡ ಪರೀಕ್ಷೆಯೂ ಅದೇ: ಕಲಿಯಬೇಕಿರಬಾರದು, ಬಂಡವಾಳ ಹಾಕಬೇಕಿರಬಾರದು, ಹಳೆಯ ಪರಿಚಯದಲ್ಲೇ ಸಿಗಬೇಕು.

ದಿನಕ್ಕೆ 5,000 ಎಂದು ಹೇಳಿದರೆ ಟಿಡಿಎಸ್ ಶೇ. 10 ಎಂದು 500 ಹೋಗುತ್ತದೆ, ಓಡಾಟಕ್ಕೆ 600. ಆದಾಯ ತೆರಿಗೆ ರಿಟರ್ನ್ ಹಾಕಿದಾಗ ಟಿಡಿಎಸ್ ವಾಪಸ್ ಬರಬಹುದು, ಆದರೆ ಈ ತಿಂಗಳ ಅಕ್ಕಿಗೆ ಅದು ಆಗಿಬರುವುದಿಲ್ಲ. ಕೈಗೆ 3,900. ಕೊರತೆ ತುಂಬಲು ತಿಂಗಳಿಗೆ 16 ದಿನ ಬೇಕು. 6,000 ಕೇಳಿದರೆ ಕೈಗೆ 4,800, 13 ದಿನ ಸಾಕು. ಆ ಮೂರು ದಿನಗಳೇ ದೀರ್ಘಾವಧಿ ಕೆಲಸದ ಬಂಡವಾಳ. ಹಾಗಾಗಿ ಕಡಿಮೆ ದರಕ್ಕೆ ಒಪ್ಪುವಾಗ ದುಡ್ಡನ್ನಷ್ಟೇ ಬಿಟ್ಟುಕೊಡುತ್ತಿಲ್ಲ ಎಂಬುದು ತಲೆಯಲ್ಲಿರಬೇಕು.

ಒಂದು ಬಿಡಿಭಾಗದ ಫೈಲಿಗೆ ಇಷ್ಟು ಎಂದು ಗುತ್ತಿಗೆ ಮಾತಾಡಿದಾಗ ಕೆಲಸ ಎಲ್ಲಿ ಜಗ್ಗುತ್ತದೆ ಎಂದೂ ಹೇಳಬೇಕು. ಪಿಪಿಎಪಿ ಫೈಲಿನಲ್ಲಿ ಅಳತೆ ಸಾಧನವನ್ನು ಎಷ್ಟು ನಂಬಬಹುದು ಎಂದು ನೋಡುವ ಗೇಜ್ ಆರ್ ಅಂಡ್ ಆರ್ ಪರೀಕ್ಷೆ ಇರುತ್ತದೆ: ಹತ್ತು ಪೀಸು, ಮೂರು ಜನ, ಮೂರು ಸಲ, ಒಟ್ಟು 90 ಅಳತೆ. ಅಳತೆಗಳ ವ್ಯತ್ಯಾಸದಲ್ಲಿ ಗೇಜ್ ಮತ್ತು ಅಳೆಯುವವರ ಪಾಲು ಶೇ. 10ರೊಳಗಿದ್ದರೆ ಸಲೀಸು, 10ರಿಂದ 30 ಇದ್ದರೆ ಗ್ರಾಹಕ ಒಪ್ಪಿದರೆ ನಡೆಯುತ್ತದೆ, 30 ದಾಟಿತೋ ಆ ಗೇಜನ್ನೇ ನಂಬುವಂತಿಲ್ಲ. ಸಣ್ಣ ಘಟಕದಲ್ಲಿ ಸವೆದ ವರ್ನಿಯರ್ ಹಿಡಿದು ಅಳೆದರೆ 30 ದಾಟುವುದೇ ಹೆಚ್ಚು. ಆಮೇಲೆ ಮಾಲೀಕರು ಹೊಸ ಗೇಜ್ ತರಿಸುವವರೆಗೆ ಫೈಲು ನಿಲ್ಲುತ್ತದೆ, ನಿಮ್ಮ ಬಿಲ್ಲೂ ನಿಲ್ಲುತ್ತದೆ. ಅದಕ್ಕೇ ಕೊಟೇಶನ್ನಿನಲ್ಲಿ ಕೆಲಸವನ್ನು ಎರಡು ತುಂಡು ಮಾಡಿದೆ: ಅಳತೆಯ ಅಧ್ಯಯನದವರೆಗೆ ಒಂದು ಬಿಲ್, ಉಳಿದ ದಾಖಲೆಗಳಿಗೆ ಇನ್ನೊಂದು. ಶುರುವಿಗೆ ಶೇ. 40 ಮುಂಗಡ.

ದುಡ್ಡು ತಡವಾಗುವುದಂತೂ ಖಂಡಿತ. ಸಣ್ಣ ಉದ್ಯಮಗಳ ನೋಂದಣಿಗಿರುವ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ಸೇವಾ ವಿಭಾಗದ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಿ, ಶುಲ್ಕವಿಲ್ಲ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಹಾಕಿ. ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನ ಮೀರಬಾರದು, ಒಪ್ಪಂದವಿಲ್ಲದಿದ್ದರೆ 15 ದಿನ. ಅವಧಿ ಮೀರಿದ ಬಾಕಿ ಮಾರ್ಚ್ 31ಕ್ಕೂ ಉಳಿದರೆ ಕೊಳ್ಳುವವರಿಗೆ ಆ ವರ್ಷದ ತೆರಿಗೆಯಲ್ಲಿ ಆ ಖರ್ಚು ತೋರಿಸಲು ಬರುವುದಿಲ್ಲ. ನ್ಯಾಯದ ಮಾತಿಗಿಂತ ಇದು ಬೇಗ ಕೆಲಸ ಮಾಡುತ್ತದೆ. ಮಾರ್ಚ್‌ನಲ್ಲಿ ಅವರ ಅಕೌಂಟೆಂಟೇ ಫೋನ್ ಮಾಡುತ್ತಾರೆ. ಸೇವೆಗಳ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಗೊಡವೆ ಇಲ್ಲ.

ದೀರ್ಘಾವಧಿಗೆ ನಾನು ಆರಿಸಿಕೊಂಡದ್ದು ಪ್ರಮಾಣೀಕರಣ ಸಂಸ್ಥೆಗಳಿಗೆ ಗುಣಮಟ್ಟ ವ್ಯವಸ್ಥೆಯ ಮಾನದಂಡವಾದ ಐಎಸ್‌ಒ 9001ರ ಆಡಿಟರ್ ಆಗುವುದು. ಕಾರಣ ಸರಳ. ಬಿಳಿಕೂದಲಿಗೆ ಕಡಿಮೆ ಅಂಕ ಕೊಡದ ಕೆಲಸ ಅದು, ಅರವತ್ತಾದ ಮೇಲೂ ಮಾಡಬಹುದು. ಲೀಡ್ ಆಡಿಟರ್ ತರಬೇತಿ ಐದು ದಿನ, 40 ಗಂಟೆ, ಕೊನೆಗೆ ಪರೀಕ್ಷೆ. ಆದರೆ ಆ ಸರ್ಟಿಫಿಕೇಟ್ ಬಾಗಿಲು ತಟ್ಟಲಷ್ಟೇ. ತರಬೇತಿ ಆಡಿಟರ್ ಆಗಿ ಹಿರಿಯರ ಜೊತೆ ಆಡಿಟ್‌ಗಳಿಗೆ ಹೋಗಬೇಕು, ಸಂಸ್ಥೆಯವರು ನಿಮ್ಮ ಆಡಿಟ್ ಅನ್ನು ಕೂತು ನೋಡಬೇಕು, ನಿಮ್ಮ ಅನುಭವದ ಕೈಗಾರಿಕಾ ವಿಭಾಗಕ್ಕೆ ಮಾತ್ರ ಒಪ್ಪಿಗೆ ಸಿಗುತ್ತದೆ. ಆ ಅವಧಿಯಲ್ಲಿ ಆದಾಯ ಇರುವುದಿಲ್ಲ ಎಂದೇ ಹಿಡಿಯಬೇಕು. ಒಂದೂವರೆ ಲಕ್ಷ ತೆಗೆದಿಟ್ಟದ್ದು ಫೀಸಿಗೆ ಮತ್ತು ಈ ಓಡಾಟಕ್ಕೆ.

ಎರಡು ಲೆಕ್ಕಗಳೂ ಒಂದನ್ನೊಂದು ಮುಟ್ಟುವುದು ಇಲ್ಲಿ. ಪ್ರಮಾಣೀಕರಣ ಸಂಸ್ಥೆಗಳ ಮಾನದಂಡವಾದ ಐಎಸ್‌ಒ 17021-1ರ ಪ್ರಕಾರ, ಒಂದು ಘಟಕದ ಗುಣಮಟ್ಟ ವ್ಯವಸ್ಥೆಗೆ ಸಲಹೆಗಾರನಾಗಿ ಕೆಲಸ ಮಾಡಿದವನನ್ನು ಆ ಕೆಲಸ ಮುಗಿದ ಎರಡು ವರ್ಷದೊಳಗೆ ಅದೇ ಘಟಕದ ಆಡಿಟ್‌ಗೆ ಬಳಸುವಂತಿಲ್ಲ. ಅಂದರೆ ಇವತ್ತು ಹೊಟ್ಟೆಪಾಡಿಗೆ ಫೈಲ್ ಬರೆದುಕೊಟ್ಟ ಪ್ರತಿ ಕಾರ್ಖಾನೆಯೂ ನಾಳೆಯ ಪಟ್ಟಿಯಿಂದ ಹೊರಗೆ. ಆದ್ದರಿಂದ ಘಟಕದ ಹೆಸರು, ಮಾಡಿದ ಕೆಲಸ, ಮುಗಿದ ತಾರೀಖು ಇಷ್ಟನ್ನು ಮೊದಲ ಬಿಲ್ಲಿನಿಂದಲೇ ಬರೆದಿಡಬೇಕು. ಸಂಸ್ಥೆಯವರು ಹಿತಾಸಕ್ತಿ ಘೋಷಣೆ ಕೇಳಿದಾಗ ನೆನಪಿನಿಂದ ತುಂಬುವ ವಿಷಯವಲ್ಲ. ಜೊತೆಗೆ, ಹತ್ತು ಹನ್ನೆರಡು ಘಟಕಗಳಲ್ಲಿ ಚೂರುಚೂರು ಕೆಲಸ ಹಿಡಿಯುವ ಬದಲು ನಾಲ್ಕೈದು ಘಟಕಗಳಲ್ಲೇ ಪದೇ ಪದೇ ಹಿಡಿದರೆ ನಿಷೇಧದ ಪಟ್ಟಿ ಚಿಕ್ಕದಾಗಿರುತ್ತದೆ.

ವಾರದಲ್ಲಿ ಮಂಗಳವಾರ, ಶುಕ್ರವಾರ ದೀರ್ಘಾವಧಿಗೆ. ಈ ದಿನಗಳಲ್ಲಿ ಬಿಲ್ ಆಗುವ ಕೆಲಸ ತೆಗೆದುಕೊಳ್ಳುವುದಿಲ್ಲ. ಒಂದೇ ಒಂದು ವಿನಾಯಿತಿ: ತುರ್ತು ಖಾತೆಯಲ್ಲಿ ಮೂರು ತಿಂಗಳ ಕೊರತೆ, ಅಂದರೆ 1.8 ಲಕ್ಷಕ್ಕಿಂತ ಕಡಿಮೆ ಉಳಿದರೆ ಶುಕ್ರವಾರವನ್ನೂ ಸಂಪಾದನೆಗೆ ಬಿಡುವುದು, ಖಾತೆ ಮತ್ತೆ ಆ ಗೆರೆ ದಾಟಿದ ಕೂಡಲೇ ವಾಪಸ್ ಪಡೆಯುವುದು. ಒಂದೂವರೆ ಲಕ್ಷದ ಖಾತೆಗೆ ಮಾತ್ರ ಆಗಲೂ ಕೈಹಾಕುವಂತಿಲ್ಲ.

ನಡುವೆ ಪೂರ್ಣಾವಧಿ ನೌಕರಿ ಬಂದರೆ? ಬೇಡ ಎನ್ನಬೇಕಿಲ್ಲ. ಸಂಬಳ ಹಳೆಯದಕ್ಕಿಂತ ಎಷ್ಟು ಕಡಿಮೆ ಎಂದು ನೋಡುವ ಬದಲು 60,000ದ ಕೊರತೆ ತುಂಬುತ್ತದೆಯೇ ಎಂದು ನೋಡಿ. ಆಮೇಲೆ ನೇಮಕಾತಿ ಪತ್ರದಲ್ಲಿ ಎರಡು ಸಾಲು ಹುಡುಕಿ. ನೋಟಿಸ್ ಅವಧಿ ಎರಡೂ ಕಡೆಗೆ ಒಂದೇ ಇದೆಯೇ, ಹೊರಗಿನ ಆಡಿಟ್ ಕೆಲಸಕ್ಕೆ ರಜೆಯ ದಿನಗಳಲ್ಲಿ ಅನುಮತಿ ಇದೆಯೇ. ಎರಡನೆಯದನ್ನು ಸೇರುವ ಮುಂಚೆ ಕೇಳಿದರೆ ಎಚ್‌ಆರ್‌ನವರು ಒಂದು ಸಾಲು ಸೇರಿಸಿಕೊಡುವ ಸಾಧ್ಯತೆ ಇದೆ, ಸೇರಿದ ಮೇಲೆ ಕೇಳಿದರೆ ನೀತಿಯ ಪ್ರತಿಯನ್ನು ಮುಂದಿಡುತ್ತಾರೆ. ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಟ್ಟು ಪಿಎಫ್ ವರ್ಗಾಯಿಸಿ. ಹೊಸ ಸಂಖ್ಯೆ ತೆರೆಸಿಕೊಂಡರೆ ಪಿಂಚಣಿಗೆ ಎಣಿಸುವ ಸೇವೆ ಎರಡು ಕಡೆ ಹರಿದು ಹಂಚಿಹೋಗುತ್ತದೆ.