ಅಪಘಾತದ ವಿಡಿಯೊಗೆ ವಯಸ್ಸಿನ ಬೇಲಿ ಬಿದ್ದಾಗ: ನನ್ನ ಅನುಭವ

ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿರುವ ಒಂದು ತಾಲ್ಲೂಕು ಕೇಂದ್ರದಿಂದ ನಾನು ಯೂಟ್ಯೂಬ್‌ನಲ್ಲಿ ಸ್ಥಳೀಯ ಸುದ್ದಿ ವಾಹಿನಿಯೊಂದನ್ನು ನಡೆಸುತ್ತೇನೆ. ಇಲ್ಲಿ ವರದಿಗಾರನಾದವನು ಅಪಘಾತಗಳನ್ನು ತಪ್ಪಿಸಿಕೊಳ್ಳಲಾರ. ಒಂದು ರಾತ್ರಿ ನಮ್ಮ ಊರಿನ ಹೊರವಲಯದಲ್ಲಿ ಲಾರಿಯೊಂದು ಬೈಕಿಗೆ ಡಿಕ್ಕಿ ಹೊಡೆದು ಒಬ್ಬರು ಸ್ಥಳದಲ್ಲೇ ತೀರಿಕೊಂಡರು. ಡಿವೈಡರ್ ಒಡೆದು ಜನರೇ ಮಾಡಿಕೊಂಡಿದ್ದ ದಾರಿಯಲ್ಲಿ ನಡೆದ ಸಾವು ಅದು. ಅಲ್ಲಿ ದೀಪವಿಲ್ಲ, ಫಲಕವಿಲ್ಲ. ಆಚೆ ಬದಿಯಲ್ಲಿ ಶಾಲೆಯಿದೆ. ಹೇಳಲೇಬೇಕಾದ ಸುದ್ದಿ ಎಂದುಕೊಂಡು ಬೆಳಗಾಗುವುದರೊಳಗೆ ನಾಲ್ಕು ನಿಮಿಷದ ವಿಡಿಯೊ ಸಿದ್ಧಪಡಿಸಿ ಹಾಕಿದೆ.

ಮೊದಲ ಹನ್ನೆರಡು ಸೆಕೆಂಡು ದಾರಿಹೋಕರೊಬ್ಬರು ಮೊಬೈಲಿನಲ್ಲಿ ತೆಗೆದ ದೃಶ್ಯ: ರಸ್ತೆಯ ಮೇಲೆ ರಕ್ತ, ಬಟ್ಟೆ ಹೊದಿಸಿದ ದೇಹ, ಗಾಯಾಳುವನ್ನು ಎತ್ತುತ್ತಿರುವ ಜನ. ಅದಕ್ಕೂ ಮುನ್ನ ‘ಈ ದೃಶ್ಯಗಳು ನಿಮ್ಮ ಮನಸ್ಸನ್ನು ಕಲಕಬಹುದು’ ಎಂಬ ಎಚ್ಚರಿಕೆಯನ್ನು ಕಪ್ಪು ಪರದೆಯ ಮೇಲೆ ಐದು ಸೆಕೆಂಡು ತೋರಿಸಿದ್ದೆ. ಶೀರ್ಷಿಕೆ ‘ಭೀಕರ ಅಪಘಾತ: ರಸ್ತೆಯೆಲ್ಲಾ ರಕ್ತಸಿಕ್ತ’. ಥಂಬ್‌ನೇಲಿನಲ್ಲಿ ಹೊದಿಸಿದ ದೇಹ, ಸುತ್ತಲೂ ಕೆಂಪು ವೃತ್ತ. ದಾರಿ ಹೇಗೆ ಆಯಿತು, ಯಾರಿಗೆ ದೂರು ಹೋಗಿದೆ, ಶಾಲೆಯವರು ಏನು ಹೇಳುತ್ತಾರೆ ಎಂಬುದೆಲ್ಲ ಎರಡನೆಯ ನಿಮಿಷದ ನಂತರ ಬರುತ್ತಿತ್ತು.

ಮಾರನೆಯ ದಿನ ಆ ಶಾಲೆಯ ಮುಖ್ಯೋಪಾಧ್ಯಾಯರು ಫೋನ್ ಮಾಡಿದರು. “ಸರ್, ನೀವು ಕಳುಹಿಸಿದ್ದು ತೆರೆಯುತ್ತಿಲ್ಲ. ವಯಸ್ಸು ಖಚಿತಪಡಿಸಿ ಎನ್ನುತ್ತಿದೆ. ಪೋಷಕರ ಸಭೆಯಲ್ಲಿ ತೋರಿಸಬೇಕೆಂದಿದ್ದೆ.” ನನ್ನ ಫೋನಿನಲ್ಲಿ ಮಾತ್ರ ಚೆನ್ನಾಗಿಯೇ ಓಡುತ್ತಿತ್ತು, ಏಕೆಂದರೆ ನಾನು ನನ್ನ ಖಾತೆಯಲ್ಲಿಯೇ ಇದ್ದೆ. ಇಂಥ ಅನುಮಾನ ಬಂದಾಗ ಪರೀಕ್ಷಿಸುವುದು ಸುಲಭ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಯಾವ ಖಾತೆಗೂ ಪ್ರವೇಶಿಸದೆ, ನಿಮ್ಮ ಕೊಂಡಿಯನ್ನು ತೆರೆಯಿರಿ. ‘Sign in to confirm your age’ ಎಂದು ಬಂದರೆ ವಯೋಮಿತಿ ಬಿದ್ದಿದೆ ಎಂದರ್ಥ. ಯೂಟ್ಯೂಬ್ ಸ್ಟುಡಿಯೊದ ವಿಡಿಯೊ ಪಟ್ಟಿಯಲ್ಲಿ ‘Restrictions’ ಎಂಬ ಕಾಲಮ್ಮಿನಲ್ಲಿಯೂ ಅದು ಕಾಣುತ್ತದೆ.

ಈ ಬೇಲಿಯಿಂದ ಆಗುವುದೇನು ಎಂಬುದು ನನಗೆ ಆವರೆಗೆ ಸರಿಯಾಗಿ ಗೊತ್ತಿರಲಿಲ್ಲ. 18 ವರ್ಷದೊಳಗಿನವರು ಮತ್ತು ಖಾತೆಗೆ ಪ್ರವೇಶಿಸದವರು ವಿಡಿಯೊ ನೋಡಲಾರರು. ಬೇರೆ ಜಾಲತಾಣದಲ್ಲಿ ಅಳವಡಿಸಿದ್ದರೆ ಬಹುತೇಕ ಕಡೆ ಅಲ್ಲಿ ಓಡುವುದಿಲ್ಲ, ನೋಡುವವರು ಯೂಟ್ಯೂಬ್‌ಗೇ ಹೋಗಬೇಕಾಗುತ್ತದೆ. ಜಾಹೀರಾತು ಕಡಿಮೆಯಾಗಬಹುದು, ಪೂರ್ತಿ ನಿಲ್ಲಲೂಬಹುದು. ಆದರೆ ಇದು ಶಿಕ್ಷೆಯಲ್ಲ. ನಿಯಮ ಮುರಿದಿದ್ದಕ್ಕೆ ಬೀಳುವ ‘ಸ್ಟ್ರೈಕ್’ ಬೇರೆ, ವಯೋಮಿತಿ ಬೇರೆ. ನೋಡುವವರನ್ನು ಬೆಚ್ಚಿಬೀಳಿಸುವ ಅಥವಾ ಅವರಲ್ಲಿ ಅಸಹ್ಯ ಹುಟ್ಟಿಸುವ ಉದ್ದೇಶದಿಂದಲೇ ಹಾಕಿದ ರಸ್ತೆ ಅಪಘಾತದ ದೃಶ್ಯವಾದರೆ ವಿಡಿಯೊವನ್ನೇ ತೆಗೆದುಹಾಕುತ್ತಾರೆ. ಸುದ್ದಿಯ ಹಿನ್ನೆಲೆ ಇದ್ದೂ ದೃಶ್ಯ ತೀವ್ರವಾಗಿದ್ದರೆ ವಿಡಿಯೊ ಉಳಿಯುತ್ತದೆ, ಬೇಲಿ ಬೀಳುತ್ತದೆ. ನನ್ನದು ಈ ಎರಡರ ಗಡಿಯಲ್ಲಿ ನಿಂತಿತ್ತು ಎಂದು ಈಗ ಅನ್ನಿಸುತ್ತದೆ.

ಆ ದಿನ ಹಾಗೆ ಅನ್ನಿಸಲಿಲ್ಲ. ಕೋಪ ಬಂತು. ತಕ್ಷಣ ‘Appeal’ ಒತ್ತಿ, ‘ಇದು ಸಾರ್ವಜನಿಕ ಹಿತಾಸಕ್ತಿಯ ಸುದ್ದಿ, ಎಚ್ಚರಿಕೆಯನ್ನೂ ಹಾಕಿದ್ದೇನೆ’ ಎಂದು ಬರೆದೆ. ಮನವಿ ತಿರಸ್ಕೃತವಾಯಿತು. ಒಂದು ವಿಡಿಯೊದ ವಯೋಮಿತಿಯ ವಿರುದ್ಧ ಒಮ್ಮೆ ಮಾತ್ರ ಮೇಲ್ಮನವಿ ಸಲ್ಲಿಸಬಹುದು. ಆ ಒಂದೇ ಅವಕಾಶವನ್ನು ವಿಡಿಯೊದಲ್ಲಿ ಒಂದು ಸೆಕೆಂಡನ್ನೂ ಬದಲಿಸದೆ ನಾನು ಕಳೆದುಕೊಂಡಿದ್ದೆ.

ಆಮೇಲೆ ಕುಳಿತು ಅವರ ನಿಯಮವನ್ನು ಓದಿದೆ. ವಯೋಮಿತಿ ಹಾಕುವಾಗ ಅವರು ಗಮನಿಸುವ ಅಂಶಗಳು ಅಲ್ಲಿ ಸ್ಪಷ್ಟವಾಗಿಯೇ ಇವೆ. ಹಿಂಸೆ ಅಥವಾ ರಕ್ತದ ದೃಶ್ಯವೇ ವಿಡಿಯೊದ ಕೇಂದ್ರವೇ? ಅದು ಎಷ್ಟು ಹೊತ್ತು ಪರದೆಯ ಮೇಲಿದೆ? ಮಸುಕು ಮಾಡಲಾಗಿದೆಯೇ, ಮುಚ್ಚಲಾಗಿದೆಯೇ? ಶೀರ್ಷಿಕೆ, ವಿವರಣೆ, ಟ್ಯಾಗ್‌ಗಳಲ್ಲಿ ಬೆಚ್ಚಿಬೀಳಿಸುವ ಆಸೆ ಕಾಣುತ್ತಿದೆಯೇ? ಒಂದೊಂದೇ ಪ್ರಶ್ನೆಯನ್ನು ನನ್ನ ವಿಡಿಯೊಗೆ ಹಾಕಿಕೊಂಡೆ. ಎಲ್ಲದರಲ್ಲೂ ಉತ್ತರ ನನ್ನ ವಿರುದ್ಧವೇ ಇತ್ತು. ನಾನು ನೆಚ್ಚಿಕೊಂಡಿದ್ದ ಕಪ್ಪು ಪರದೆಯ ಎಚ್ಚರಿಕೆಯ ಮಾತು ಆ ಪಟ್ಟಿಯಲ್ಲಿಯೇ ಇರಲಿಲ್ಲ. ಎಚ್ಚರಿಕೆ ಎನ್ನುವುದು ನೋಡುವವರಿಗೆ ತೋರುವ ಮರ್ಯಾದೆ. ಅದನ್ನು ನಾನು ಈಗಲೂ ಹಾಕುತ್ತೇನೆ. ಆದರೆ ಮುಂದೆ ಬರುವ ದೃಶ್ಯ ಅದರಿಂದ ಸೌಮ್ಯವಾಗುವುದಿಲ್ಲ.

ಇನ್ನೊಂದು ಮಾತು ಅಲ್ಲಿತ್ತು. ಸುದ್ದಿ ಅಥವಾ ಸಾಕ್ಷ್ಯಚಿತ್ರದ ಹಿನ್ನೆಲೆ ಕೆಲವು ಸಂದರ್ಭಗಳಲ್ಲಿ ವಿಡಿಯೊದ ಚಿತ್ರ ಅಥವಾ ಧ್ವನಿಯಲ್ಲಿಯೇ ಇರಬೇಕು, ಶೀರ್ಷಿಕೆಯಲ್ಲಿ ಅಥವಾ ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದಿರಬಹುದು ಎಂದು. ನಾನು ವಿವರಣೆಯಲ್ಲಿ ಉದ್ದುದ್ದ ಬರೆದಿದ್ದೆ. ವಿಡಿಯೊದ ಮೊದಲ ಎರಡು ನಿಮಿಷಗಳಲ್ಲಿ ಇದ್ದದ್ದು ಕಿರುಚಾಟ ಮತ್ತು ಹಿನ್ನೆಲೆ ಸಂಗೀತ.

ಅದೇ ವಾರ ತೀರಿಕೊಂಡವರ ಮಗ ನನ್ನನ್ನು ಹುಡುಕಿಕೊಂಡು ಬಂದ. ಜಗಳಕ್ಕೆ ಬಂದಿರಲಿಲ್ಲ. “ಅಣ್ಣಾ, ಪೊಲೀಸರು ಫೋನ್ ಮಾಡುವುದಕ್ಕೆ ಮುಂಚೆಯೇ ನಮಗೆ ಗೊತ್ತಾಯಿತು. ನಿಮ್ಮ ವಿಡಿಯೊದಲ್ಲಿ ಬಟ್ಟೆಯ ಹೊರಗೆ ಚಪ್ಪಲಿ ಕಾಣುತ್ತಿತ್ತು. ಅಮ್ಮ ಅದನ್ನು ನೋಡಿಬಿಟ್ಟರು” ಎಂದ. ದೇಹ ಮುಚ್ಚಿದೆ, ಮುಖ ಕಾಣುತ್ತಿಲ್ಲ, ಆದ್ದರಿಂದ ಮಸುಕು ಬೇಡ ಎಂದು ಆ ರಾತ್ರಿ ತೀರ್ಮಾನಿಸಿದ್ದವನು ನಾನೇ. ಆತ ಹೋದ ಮೇಲೆ ಮೊದಲು ಮಾಡಿದ ಕೆಲಸ ಆ ವಿಡಿಯೊವನ್ನು ಖಾಸಗಿಗೊಳಿಸಿದ್ದು.

ಹೊಸದಾಗಿ ಕತ್ತರಿಸಲು ಕುಳಿತೆ. ಪೆಟ್ರೋಲ್ ಬಂಕಿನ ಸಿಸಿಟಿವಿ ದೃಶ್ಯ ನನ್ನ ಬಳಿ ಇತ್ತು. ಅದರಲ್ಲಿ ನಿಜವಾಗಿ ಸುದ್ದಿಯಾದದ್ದು ಡಿಕ್ಕಿಯಲ್ಲ, ಅದಕ್ಕೂ ಮುಂಚಿನ ಕೆಲವು ಸೆಕೆಂಡು: ಬೈಕಿನ ದೀಪ ಡಿವೈಡರ್ ಸಂದಿಯಿಂದ ಹೊರಬರುವುದು, ಲಾರಿಯ ಚಾಲಕನಿಗೆ ಅದು ಕಾಣಲು ಸಾಧ್ಯವೇ ಇಲ್ಲದಷ್ಟು ಗಿಡ ಬೆಳೆದಿರುವುದು. ಡಿಕ್ಕಿಗೆ ಮುಂಚಿನ ಚೌಕಟ್ಟಿನಲ್ಲಿ ದೃಶ್ಯವನ್ನು ನಿಲ್ಲಿಸಿ, ಅದರ ಮೇಲೆ ಬಾಣದ ಗುರುತು ಹಾಕಿ, ನನ್ನ ಧ್ವನಿಯಲ್ಲಿ ವಿವರಿಸಿದೆ. ಮೊಬೈಲ್ ದೃಶ್ಯದಿಂದ ಮೂರೇ ಸೆಕೆಂಡು ಉಳಿಸಿಕೊಂಡೆ, ಅದೂ ದೂರದಿಂದ ಜನ ಸೇರಿರುವುದಷ್ಟೇ. ಆರಂಭದಲ್ಲೇ ಹಗಲು ಹೊತ್ತಿನಲ್ಲಿ ಆ ಜಾಗದಲ್ಲಿ ನಾನು ನಿಂತು ಎಲ್ಲಿ, ಯಾವಾಗ, ಏನಾಯಿತು ಎಂದು ಹೇಳುವಂತೆ ಮಾಡಿದೆ. ಚೀರಾಟದ ಧ್ವನಿಯನ್ನು ಪೂರ್ತಿ ತೆಗೆದೆ. ಶೀರ್ಷಿಕೆ ‘ಈ ಡಿವೈಡರ್ ಸಂದಿಯಲ್ಲಿ ಜೀವ ಹೋಗುತ್ತಿರುವುದು ಏಕೆ?’ ಎಂದಾಯಿತು. ಥಂಬ್‌ನೇಲಿನಲ್ಲಿ ಒಡೆದ ಡಿವೈಡರ್ ಮಾತ್ರ.

ಮಸುಕು ಮಾಡುವ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಎಡವುವುದು ಅಲ್ಲಿಯೇ. ಕ್ಯಾಮೆರಾ ಅಲುಗಾಡಿದಾಗ ಮಸುಕಿನ ಚೌಕ ಹಿಂದೆ ಉಳಿದು ಎರಡು ಮೂರು ಚೌಕಟ್ಟುಗಳಲ್ಲಿ ಗಾಯ ಬಯಲಾಗುತ್ತದೆ. ವೇಗವಾಗಿ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ, ನಿಲ್ಲಿಸಿ ನೋಡುವವರಿಗೆ ಕಾಣುತ್ತದೆ. ಹಾಗಾಗಿ ಆ ಭಾಗವನ್ನು ನಾನು ಒಂದೊಂದೇ ಚೌಕಟ್ಟಾಗಿ ಸರಿಸಿ ನೋಡುತ್ತೇನೆ. ಮುಖಕ್ಕಷ್ಟೇ ಅಲ್ಲ, ಬಟ್ಟೆ, ಚಪ್ಪಲಿ, ಹಚ್ಚೆ, ಬೈಕಿನ ನಂಬರ್ ಪ್ಲೇಟ್ ಎಲ್ಲಕ್ಕೂ ಅಗಲವಾಗಿ ಮಸುಕು ಹಾಕುತ್ತೇನೆ. ರಕ್ತ ಕೆಂಪಾಗಿ ಕಾಣದಿರಲಿ ಎಂದು ಇಡೀ ದೃಶ್ಯವನ್ನು ಕಪ್ಪು-ಬಿಳುಪು ಮಾಡುವವರಿದ್ದಾರೆ. ನಾನು ಅದನ್ನು ನಂಬುವುದಿಲ್ಲ. ಬಣ್ಣ ಹೋದರೂ ಗಾಯ ಗಾಯವೇ.

ಹೊಸ ವಿಡಿಯೊವನ್ನು ಮೊದಲು ‘Unlisted’ ಎಂದು ಹಾಕಿ ಒಂದು ದಿನ ಬಿಟ್ಟು, ಖಾಸಗಿ ಕಿಟಕಿಯಲ್ಲಿ ಪರೀಕ್ಷಿಸಿ, ನಂತರ ಪ್ರಕಟಿಸಿದೆ. ಬೇಲಿ ಬೀಳಲಿಲ್ಲ. ಮುಖ್ಯೋಪಾಧ್ಯಾಯರು ಅದನ್ನು ಸಭೆಯಲ್ಲಿ ತೋರಿಸಿದರು. ಹೀಗೆ ಕಾಯುವುದು ಖಾತರಿಯೇನಲ್ಲ, ವಯೋಮಿತಿ ದಿನಗಳು ಕಳೆದ ಮೇಲೂ ಬೀಳಬಹುದು. ಇಲ್ಲೊಂದು ಎಚ್ಚರಿಕೆ: ವಯೋಮಿತಿ ಬಿದ್ದ ವಿಡಿಯೊವನ್ನು ತಿದ್ದಿ ಹೊಸದಾಗಿ ಹಾಕುವುದು ಒಂದು ಮಾತು, ನಿಯಮ ಮುರಿದಿದೆ ಎಂದು ಅವರು ತೆಗೆದುಹಾಕಿದ್ದನ್ನೇ ಮತ್ತೆ ಹಾಕುವುದು ಇನ್ನೊಂದು. ಎರಡನೆಯದು ಖಾತೆಗೇ ಕುತ್ತು ತರುತ್ತದೆ.

ಮುಂದೆ ಬೇರೊಂದು ವಿಡಿಯೊಗೆ ವಯೋಮಿತಿ ಬಿದ್ದಾಗ ಮೇಲ್ಮನವಿಗೆ ಅವಸರಪಡಲಿಲ್ಲ. ಸ್ಟುಡಿಯೊದ ‘Editor’ ನಲ್ಲಿ ಬೇಡದ ಸೆಕೆಂಡುಗಳನ್ನು ಕತ್ತರಿಸಬಹುದು, ‘Blur’ ಬಳಸಿ ಮಸುಕು ಮಾಡಬಹುದು. ಕೊಂಡಿಯೂ ನೋಡಿದವರ ಸಂಖ್ಯೆಯೂ ಹಾಗೆಯೇ ಉಳಿಯುತ್ತವೆ. ಒಂಬತ್ತು ಸೆಕೆಂಡು ಕತ್ತರಿಸಿ, ಬದಲಾವಣೆ ಪೂರ್ತಿಯಾಗುವವರೆಗೆ ಕಾದು, ಆಮೇಲೆ ಮನವಿ ಬರೆದೆ. ‘ಸಾರ್ವಜನಿಕ ಹಿತಾಸಕ್ತಿ’ ಎಂಬ ದೊಡ್ಡ ಮಾತು ಬಿಟ್ಟು, ಎಷ್ಟನೆಯ ನಿಮಿಷದಿಂದ ಎಷ್ಟನೆಯವರೆಗೆ ಏನು ತೆಗೆದಿದ್ದೇನೆ, ಎಲ್ಲಿ ಮಸುಕು ಹಾಕಿದ್ದೇನೆ ಎಂದಷ್ಟೇ ಹೇಳಿದೆ. ನಿರ್ಬಂಧ ತೆರವಾಯಿತು.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ದಾರಿ ಸ್ವಲ್ಪ ಬೇರೆ. ಅಪಘಾತದಲ್ಲಿ ವ್ಯಕ್ತಿಯೊಬ್ಬರು ಸಾಯುವ ದೃಶ್ಯದಂಥವುಗಳ ಮೇಲೆ ಅಲ್ಲಿ ಮಸುಕಾದ ಪರದೆ ಎಳೆದು ಎಚ್ಚರಿಕೆ ಹಾಕುತ್ತಾರೆ, ನೋಡುವವರು ಒತ್ತಿದರೆ ಮಾತ್ರ ತೆರೆಯುತ್ತದೆ. ಅದಕ್ಕೂ ಅದೇ ಕತ್ತರಿಸಿದ ಆವೃತ್ತಿಯನ್ನೇ ಕಳುಹಿಸುತ್ತೇನೆ.

ಟಿವಿಯವರು ತೋರಿಸುತ್ತಾರಲ್ಲ ಎಂದು ನಮ್ಮ ಹುಡುಗರು ಕೇಳುವುದುಂಟು. ಒಬ್ಬ ಕ್ರಿಕೆಟಿಗರ ಕಾರು ಅಪಘಾತದ ಚಿತ್ರಗಳನ್ನು ಮಸುಕು ಮಾಡದೆ ತೋರಿಸಿದ ಬಳಿಕ, 2023ರ ಜನವರಿ 9ರಂದು ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಟಿವಿ ವಾಹಿನಿಗಳಿಗೇ ಸಲಹೆ ಹೊರಡಿಸಿತು. ಸಾಮಾಜಿಕ ಜಾಲತಾಣಗಳಿಂದ ತೆಗೆದ ದೃಶ್ಯಗಳನ್ನು ಸಂಪಾದಿಸದೆ ಪ್ರಸಾರ ಮಾಡುವುದನ್ನು ಅದು ಆಕ್ಷೇಪಿಸಿತು. ಅದರ ಪ್ರತಿಯನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.

ಬೇಲಿ ಇರಲಿ ಎಂದು ನಾನೇ ಹಾಕಿದ ವಿಡಿಯೊ ಒಂದಿದೆ. ಗಾಯಗೊಂಡು ಬಿದ್ದವರೊಬ್ಬರ ಸುತ್ತ ಹತ್ತಾರು ಮಂದಿ ಮೊಬೈಲ್ ಹಿಡಿದು ನಿಂತಿದ್ದರು. ಆಂಬ್ಯುಲೆನ್ಸ್‌ಗೆ ಯಾರೂ ಕರೆ ಮಾಡಿರಲಿಲ್ಲ. ಅದನ್ನು ಜನ ನೋಡಲೇಬೇಕು ಎಂದು ಅವರ ಕುಟುಂಬದವರೇ ಕೇಳಿಕೊಂಡರು. ಮುಖವನ್ನೂ ಗಾಯವನ್ನೂ ಮುಚ್ಚಿದೆ. ಆದರೆ ನೋವಿನ ಆ ನರಳಾಟವನ್ನು ತೆಗೆದರೆ ವಿಡಿಯೊದಲ್ಲಿ ಸತ್ಯವೇ ಉಳಿಯುತ್ತಿರಲಿಲ್ಲ. ಅಪ್‌ಲೋಡ್ ಮಾಡುವಾಗಲೇ ‘Age restriction (advanced)’ ತೆರೆದು 18 ದಾಟಿದವರಿಗೆ ಮಾತ್ರ ಎಂದು ಗುರುತಿಸಿದೆ. ಜೊತೆಗೆ ಆ ದೃಶ್ಯವಿಲ್ಲದ, ವೈದ್ಯರು ಮತ್ತು ಕುಟುಂಬದವರು ಮಾತನಾಡುವ ಎರಡು ನಿಮಿಷದ ವರದಿಯನ್ನು ಎಲ್ಲರಿಗೂ ತೆರೆದಿಟ್ಟೆ. ಹೆಚ್ಚು ಜನ ನೋಡಿದ್ದು ಎರಡನೆಯದನ್ನು. ಮೊದಲನೆಯದರಿಂದ ಹಣವೇನೂ ಬರಲಿಲ್ಲ. ಆ ಗುರುತನ್ನು ನಾನು ಇವತ್ತಿಗೂ ತೆಗೆದಿಲ್ಲ.